ಕೈಸಾಲಕ್ಕೊಂದು ಪ್ರೋನೋಟು

ಕೇಳುಗರಿಗೆ ನಮಸ್ಕಾರ.

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂತು ಅಂದ್ರೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ದುಡ್ಡಿನ ಓಡಾಟವೂ ಶುರುವಾಗುತ್ತದೆ. ಲಾವಣಿ, ಅಂದ್ರೆ ಹೊಲದ ಗುತ್ತಿಗೆ ಹಣ ಕಟ್ಟಬೇಕು, ನಾಟಿಯ ಕೂಲಿ ಕೊಡಬೇಕು, ಗೊಬ್ಬರ ತರಬೇಕು. ಬ್ಯಾಂಕಿನ ಸಾಲ ಕೈಸೇರುವ ತನಕ ಕಾಯಲು ಆಗುವುದಿಲ್ಲ. ಆಗ ಅಣ್ಣ, ತಮ್ಮ, ಮಾವ, ಗೆಳೆಯ ಅಂತ ಕೈಸಾಲ ಕೇಳುತ್ತಾರೆ. ಕೊಡುವವರೂ ಕೊಡುತ್ತಾರೆ. ಈಗಂತೂ ಫೋನಿನಲ್ಲೇ ಹಾಕುತ್ತಾರೆ. ಹಾಕಿದ ಮೇಲೆ ಬಹಳ ಜನರಿಗೆ ಒಂದು ಧೈರ್ಯ: “ಬ್ಯಾಂಕಿನಲ್ಲಿ ದಾಖಲೆ ಐತಲ್ಲ, ಕಾಗದ ಯಾಕೆ?”

ವಕೀಲನಾಗಿ ನಾನು ಇವತ್ತು ಮಾತಾಡುವುದು ಈ ಧೈರ್ಯದ ಬಗ್ಗೆಯೇ. ಬ್ಯಾಂಕಿನ ದಾಖಲೆ ದುಡ್ಡು ಹೋಗಿದೆ ಅಂತ ಹೇಳುತ್ತದೆ. ಯಾಕೆ ಹೋಯಿತು ಅಂತ ಹೇಳುವುದಿಲ್ಲ.

ಒಂದು ಉದಾಹರಣೆ ತಗೊಳ್ಳೋಣ. ಹೆಸರುಗಳು ನಾನೇ ಇಟ್ಟವು. ಕಾರಟಗಿಯ ಶರಣಪ್ಪ, ಅವನ ಚಿಕ್ಕಪ್ಪನ ಮಗ ವೀರೇಶ. ವೀರೇಶನಿಗೆ ಲಾವಣಿ ಕಟ್ಟಲು ಒಂದೂವರೆ ಲಕ್ಷ ಬೇಕು. ಶರಣಪ್ಪ 2023ರ ಜುಲೈ 10ಕ್ಕೆ ಒಂದು ಲಕ್ಷ ಹಾಕಿದ. ಯುಪಿಐಯಲ್ಲಿ ಒಬ್ಬರಿಂದ ಒಬ್ಬರಿಗೆ ದಿನಕ್ಕೆ ಸಾಮಾನ್ಯವಾಗಿ ಅಷ್ಟೇ ಮಿತಿ. ಉಳಿದ ಐವತ್ತು ಸಾವಿರ ಮರುದಿನ, ಜುಲೈ 11ಕ್ಕೆ ಹೋಯಿತು. ವ್ಯವಹಾರ ಒಂದೇ, ಆದರೆ ಪಾಸ್‌ಬುಕ್ಕಿನಲ್ಲಿ ಎರಡು ಸಾಲು.

ಮುಂದೆ ಇಬ್ಬರಿಗೂ ಮನಸ್ತಾಪ ಬಂತು ಅನ್ನೋಣ. ಕೋರ್ಟಿನಲ್ಲಿ ವೀರೇಶ ಏನು ಹೇಳಬಹುದು? “ದುಡ್ಡು ಬಂದದ್ದು ನಿಜ. ಅದು ಸಾಲ ಅಲ್ಲ. ಹಿಂದಿನ ವರ್ಷ ನನ್ನ ಟ್ರ್ಯಾಕ್ಟರ್ ಬಾಡಿಗೆ ಅಣ್ಣ ಉಳಿಸಿಕೊಂಡಿದ್ದ, ಅದನ್ನು ಕೊಟ್ಟ.” ಈಗ ಅದು ಸಾಲವೇ ಅಂತ ತೋರಿಸುವ ಭಾರ ಶರಣಪ್ಪನ ತಲೆ ಮೇಲೆ. ಅವನ ಕೈಯಲ್ಲಿ ಇರುವುದು ಎರಡು ಸಾಲಿನ ಸ್ಟೇಟ್‌ಮೆಂಟ್ ಮಾತ್ರ.

ಅದೇ ಅವನ ಹತ್ತಿರ ಪ್ರೋನೋಟು, ಅಂದ್ರೆ ಇಷ್ಟು ದುಡ್ಡು ಕೊಡುತ್ತೇನೆ ಅಂತ ಸಾಲ ಪಡೆದವನು ಬರೆದು ಸಹಿ ಹಾಕಿದ ಕಾಗದ ಇದ್ದು, ಅದರ ಮೇಲಿನ ಸಹಿ ವೀರೇಶನದೇ ಅಂತಾದರೆ ಲೆಕ್ಕ ತಿರುಗುತ್ತದೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ ಪ್ರಕಾರ, ಪ್ರೋನೋಟನ್ನು ದುಡ್ಡು ಪಡೆದೇ ಬರೆದುಕೊಟ್ಟದ್ದು ಅಂತ ಕೋರ್ಟು ಮೊದಲು ಹಿಡಿಯುತ್ತದೆ. ಅಲ್ಲ ಅನ್ನುವವನೇ ಅದನ್ನು ತೋರಿಸಬೇಕು. ಜೊತೆಗೆ ಬ್ಯಾಂಕಿನ ಆ ಎರಡು ಸಾಲು ಇದ್ದರೆ, “ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡ, ದುಡ್ಡು ಕೊಡಲಿಲ್ಲ” ಅನ್ನುವ ವಾದಕ್ಕೂ ಜಾಗ ಇಲ್ಲ. ಎರಡೂ ಒಂದಕ್ಕೊಂದು ಆಸರೆ.

ಇನ್ನು ಬರೆಯುವುದು. ಕೈಯಲ್ಲಿ ಪೆನ್ನು ಇದ್ದರೆ ಬರೆದುಕೊಳ್ಳಿ, ನಿಧಾನ ಹೇಳುತ್ತೇನೆ. ಮೇಲೆ ಊರಿನ ಹೆಸರು, ದಿನಾಂಕ. ಆಮೇಲೆ ಹೀಗೆ:

“ಕಾರಟಗಿಯ ಇಂಥವರ ಮಗ ವೀರೇಶ ಆದ ನಾನು, ಇದೇ ಊರಿನ ಇಂಥವರ ಮಗ ಶರಣಪ್ಪ ಅವರಿಂದ ಒಂದು ಲಕ್ಷ ಐವತ್ತು ಸಾವಿರ ರೂಪಾಯಿ, ಅಂಕಿಯಲ್ಲಿ 1,50,000 ರೂಪಾಯಿ, ಕೈಸಾಲವಾಗಿ ನನ್ನ ಬ್ಯಾಂಕ್ ಖಾತೆಗೆ 10-7-2023 ಮತ್ತು 11-7-2023ರಂದು ಪಡೆದಿದ್ದೇನೆ. ಈ ಹಣವನ್ನು ವರ್ಷಕ್ಕೆ ನೂರಕ್ಕೆ 12ರಂತೆ ಬಡ್ಡಿ ಸೇರಿಸಿ, ನೀವು ಕೇಳಿದಾಗ ನಿಮಗೆ ಅಥವಾ ನೀವು ಹೇಳಿದವರಿಗೆ ಕೊಡುತ್ತೇನೆ.”

ಇಷ್ಟೇ. ಕೆಳಗೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪು ಅಂಟಿಸಿ, ಸಹಿ ಸ್ಟ್ಯಾಂಪಿನ ಮೇಲೂ ಕಾಗದದ ಮೇಲೂ ಹಾಯುವಂತೆ ಹಾಕಿಸಬೇಕು. ಹಾಗೆ ಹಾಕಿದರೆ ಆ ಸ್ಟ್ಯಾಂಪು ರದ್ದಾದಂತೆ, ಮತ್ತೆ ಬಳಸಲು ಬರುವುದಿಲ್ಲ. ಸ್ಟ್ಯಾಂಪೇ ಇಲ್ಲದ ಪ್ರೋನೋಟನ್ನು ಕೋರ್ಟು ಸಾಕ್ಷ್ಯವಾಗಿ ತಗೊಳ್ಳುವುದಿಲ್ಲ. ಬೇರೆ ಪತ್ರಗಳಾದರೆ ಆಮೇಲೆ ದಂಡ ಕಟ್ಟಿ ಸರಿಮಾಡಿಸಬಹುದು. ಪ್ರೋನೋಟಿಗೆ ಆ ದಾರಿಯೂ ಇಲ್ಲ. ನೂರು ರೂಪಾಯಿ ಬಾಂಡ್ ಪೇಪರ್ ಮೇಲೆ ಬರೆದರೆ ಜಾಸ್ತಿ ಗಟ್ಟಿ ಅನ್ನುವ ನಂಬಿಕೆ ನಮ್ಮ ಕಡೆ ಇದೆ, ಅಲ್ವಾ? ಪ್ರೋನೋಟಿಗೆ ಬಿಳಿ ಹಾಳೆ ಸಾಕು. ಬೇಕಾದದ್ದು ರೆವಿನ್ಯೂ ಸ್ಟ್ಯಾಂಪು.

ಈಗ ಆ ಬರಹದಲ್ಲಿರುವ ಎರಡು ಮಾತು ಗಮನಿಸಿ. ಮೊದಲನೆಯದು “ನೀವು ಕೇಳಿದಾಗ”. ರೈತರ ಮನೆಯಲ್ಲಿ ಸಹಜವಾಗಿ ಬರುವ ಮಾತು ಬೇರೆ: “ಭತ್ತ ಮಾರಿದ ಮೇಲೆ ಕೊಡುತ್ತೇನೆ.” ಬಾಯಿಮಾತಿಗೆ ಅದು ಸರಿ. ಕಾಗದದ ಮೇಲೆ ಬಂದರೆ ಅದು ಷರತ್ತಾಗುತ್ತದೆ. ಭತ್ತ ಬೆಳೆಯದೆ ಹೋದರೆ? ಮಾರದೆ ಚೀಲ ಹಾಗೇ ಇಟ್ಟುಕೊಂಡರೆ? ಷರತ್ತು ಇದ್ದ ಬರಹ ಪ್ರೋನೋಟೇ ಆಗುವುದಿಲ್ಲ. ಹಾಗಾದರೆ “ಡಿಸೆಂಬರ್ 31ಕ್ಕೆ ಕೊಡುತ್ತೇನೆ” ಅಂತ ವಾಯಿದೆ ಹಾಕಬಹುದಾ? ಹಾಕಬಹುದು, ಆದರೆ ವಾಯಿದೆ ಹಾಕಿದ ಪ್ರೋನೋಟಿಗೆ ಮೊತ್ತ ನೋಡಿ ಬೇರೆ ಮುದ್ರಾಂಕ ಶುಲ್ಕ ಇದೆ, ಒಂದು ರೂಪಾಯಿ ಸ್ಟ್ಯಾಂಪು ಸಾಲದು. ಅದಕ್ಕೇ ಕೇಳಿದಾಗ ಕೊಡುವ ಪ್ರೋನೋಟು ಸುಲಭ. ಸುಗ್ಗಿ ತನಕ ಕಾಯುವುದು ಶರಣಪ್ಪನ ಒಳ್ಳೆಯತನ, ಕಾಗದಕ್ಕೆ ಅದು ಬೇಡ.

ಎರಡನೆಯದು “ಅಥವಾ ನೀವು ಹೇಳಿದವರಿಗೆ”. ಸುಮ್ನೆ ಸೇರಿಸಿದ ಮಾತು ಅಂತ ಕಾಣುತ್ತದೆ. ಸಾಕ್ಷಿಯ ಸಹಿ ಇದ್ದು ಈ ಮಾತು ಇಲ್ಲದಿದ್ದರೆ, ಎದುರು ವಕೀಲರು ಇದು ಪ್ರೋನೋಟಲ್ಲ, ಬಾಂಡು, ಇದಕ್ಕೆ ಜಾಸ್ತಿ ಮುದ್ರಾಂಕ ಬೇಕಿತ್ತು ಅಂತ ತಕರಾರು ತೆಗೆಯಬಹುದು. ಸಾಕ್ಷಿ ಇರಲೇಬೇಕು ಅಂತ ಕಾನೂನಿಲ್ಲ. ಆದರೆ ಮುಂದೆ “ಸಹಿ ನನ್ನದಲ್ಲ” ಅಂದಾಗ ಬಂದು ಹೇಳುವ ಒಬ್ಬರು ಇರಲಿ ಅಂತ ನಾವು ಹಾಕಿಸುತ್ತೇವೆ. ಹಾಕಿಸುವುದಾದರೆ ಈ ಮೂರು ಪದ ಬಿಡಬೇಡಿ.

ಬಡ್ಡಿಯ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ “ಎರಡು ರೂಪಾಯಿ ಬಡ್ಡಿ” ಅಂದ್ರೆ ತಿಂಗಳಿಗೆ ನೂರಕ್ಕೆ ಎರಡು, ವರ್ಷಕ್ಕೆ ಇಪ್ಪತ್ತನಾಲ್ಕು. ಕಾಗದದ ಮೇಲೆ ವರ್ಷದ ಲೆಕ್ಕದಲ್ಲೇ ಬರೆಯಿರಿ, ಗೊಂದಲ ಇರುವುದಿಲ್ಲ. ಮನೆಯವರಿಂದ ಬಡ್ಡಿ ಯಾಕೆ ಅನ್ನುವವರು “ಬಡ್ಡಿ ಇಲ್ಲದೆ” ಅಂತ ಸ್ಪಷ್ಟವಾಗಿ ಬರೆಯಬೇಕು. ಬಡ್ಡಿಯ ಮಾತೇ ಎತ್ತದೆ ಬಿಟ್ಟರೆ ಕಾಯ್ದೆ ವರ್ಷಕ್ಕೆ ನೂರಕ್ಕೆ 18 ಅಂತ ಹಿಡಿಯುತ್ತದೆ. ಸಾಲ ತಗೊಳ್ಳುವವರು ಇದನ್ನು ನೋಡಿಯೇ ಸಹಿ ಹಾಕಬೇಕು. ಮೊತ್ತ ಖಾಲಿ ಬಿಟ್ಟ ಕಾಗದಕ್ಕೆ ಮಾತ್ರ ಯಾರು ಕೇಳಿದರೂ ಸಹಿ ಬೇಡ.

ದುಡ್ಡು ಹಾಕುವಾಗ ಒಂದು ಕಡೆ ಎಡವುತ್ತಾರೆ. “ಅಣ್ಣಾ, ನನ್ನ ಖಾತೆಗೆ ಬೇಡ, ಸೀದಾ ಗೊಬ್ಬರದ ಅಂಗಡಿಗೇ ಹಾಕಿಬಿಡು” ಅಂತ ತಮ್ಮ ಅನ್ನುತ್ತಾನೆ. ಅಣ್ಣ ಹಾಕುತ್ತಾನೆ. ಸ್ಟೇಟ್‌ಮೆಂಟಿನಲ್ಲಿ ಬರುವುದು ಅಂಗಡಿಯ ಹೆಸರು, ತಮ್ಮನ ಹೆಸರು ಎಲ್ಲೂ ಇಲ್ಲ. ಆದಷ್ಟು ಸಾಲ ಪಡೆಯುವವರ ಸ್ವಂತ ಖಾತೆಗೇ ಹಾಕಿ. ಅಂಗಡಿಗೆ ಹಾಕಲೇಬೇಕಾದರೆ “ನನ್ನ ಕೋರಿಕೆಯಂತೆ ಇಂಥ ಅಂಗಡಿಯ ಖಾತೆಗೆ ಕಟ್ಟಿದ್ದಾರೆ” ಅಂತ ಪ್ರೋನೋಟಿನಲ್ಲಿ ಬರೆಸಿ. ಆ್ಯಪಿನಲ್ಲಿ ಟಿಪ್ಪಣಿಯ ಜಾಗ ಇರುತ್ತದೆ, ಅಲ್ಲಿ “ಕೈಸಾಲ” ಅಂತ ಹಾಕಿ. ಸ್ಕ್ರೀನ್‌ಶಾಟ್ ಒಂದನ್ನೇ ನಂಬಬೇಡಿ. ಫೋನು ಹೋದರೆ ಅದೂ ಹೋಯಿತು. ಬ್ಯಾಂಕಿಗೆ ಹೋಗಿ ಆ ದಿನಗಳ ಸ್ಟೇಟ್‌ಮೆಂಟ್ ಸೀಲು, ಸಹಿ ಸಮೇತ ತಂದು ಪ್ರೋನೋಟಿನ ಜೊತೆ ಇಡಿ.

ನಗದು ಕೊಟ್ಟರೆ ಇನ್ನೊಂದು ತೊಡಕು. ಆದಾಯ ತೆರಿಗೆ ಕಾನೂನಿನ ಪ್ರಕಾರ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಸಾಲವನ್ನು ನಗದಾಗಿ ಪಡೆಯುವಂತಿಲ್ಲ. ಪಡೆದವರಿಗೆ ಆ ಸಾಲದಷ್ಟೇ ದಂಡ ಬೀಳಬಹುದು. ಕೊಟ್ಟವರೂ ಪಡೆದವರೂ ಇಬ್ಬರೂ ಕೃಷಿ ಆದಾಯದವರಾಗಿದ್ದು, ಇಬ್ಬರಿಗೂ ತೆರಿಗೆ ಬೀಳುವ ಬೇರೆ ಆದಾಯ ಇಲ್ಲದಿದ್ದರೆ ವಿನಾಯ್ತಿ ಉಂಟು. ವೀರೇಶ ಬರೀ ರೈತ, ಶರಣಪ್ಪ ಮೇಷ್ಟ್ರು ಅಂತಾದರೆ ಆ ವಿನಾಯ್ತಿ ಸಿಗದು.

ಈಗ ಎಲ್ಲಕ್ಕಿಂತ ಹೆಚ್ಚು ಜನ ಸೋಲುವ ಜಾಗಕ್ಕೆ ಬರೋಣ: ಅವಧಿ. “ಕೇಳಿದಾಗ ಕೊಡುತ್ತೇನೆ ಅಂದಿದ್ದಾನೆ, ನಾನಿನ್ನೂ ಕೇಳೇ ಇಲ್ಲ, ಅವಧಿ ಹೇಗೆ ಮುಗಿಯುತ್ತದೆ?” ಅಂತ ಜನ ಕೇಳುತ್ತಾರೆ. ದಾವೆ ಹೂಡಲು ಇರುವುದು ಮೂರು ವರ್ಷ. ಅದನ್ನು ಎಣಿಸುವುದು ಕೇಳಿದ ದಿನದಿಂದ ಅಲ್ಲ, ಪ್ರೋನೋಟಿನ ಮೇಲಿರುವ ದಿನಾಂಕದಿಂದ. ಶರಣಪ್ಪನ ಪ್ರೋನೋಟು 2023ರ ಜುಲೈ 11ರದು. 2026ರ ಜುಲೈ 11ರ ಒಳಗೆ ದಾವೆ ಹೂಡದಿದ್ದರೆ ಕೋರ್ಟಿನ ಬಾಗಿಲು ಮುಚ್ಚಿದಂತೆ.

ನಡುವೆ ವೀರೇಶ ಸ್ವಲ್ಪ ಕೊಟ್ಟರೆ? 2024ರ ಜನವರಿ 11ಕ್ಕೆ ಭತ್ತ ಮಾರಿ 60,000 ಹಾಕಿದ ಅನ್ನಿ. ಒಂದೂವರೆ ಲಕ್ಷಕ್ಕೆ ತಿಂಗಳಿಗೆ 1,500ರಂತೆ ಆರು ತಿಂಗಳ ಬಡ್ಡಿ 9,000. ಅದು ಮೊದಲು ಕಳೆದು, ಉಳಿದ 51,000 ಅಸಲಿಗೆ. ಬಾಕಿ ಅಸಲು 99,000. ಆಗ ಪ್ರೋನೋಟಿನ ಬೆನ್ನಿಗೆ ಒಂದು ಷರಾ ಬರೆಯಬೇಕು: “ಈ ಪ್ರೋನೋಟಿನ ಲೆಕ್ಕಕ್ಕೆ ಈ ದಿನ 60,000 ರೂಪಾಯಿ ಕೊಟ್ಟಿದ್ದೇನೆ. ಬಾಕಿ ಅಸಲು 99,000 ರೂಪಾಯಿ.” ದಿನಾಂಕ, ಸಹಿ. ಸಹಿ ಯಾರದು? ವೀರೇಶನದು. ಶರಣಪ್ಪ ತಾನೇ “ಬಂತು” ಅಂತ ಬರೆದು ತಾನೇ ಸಹಿ ಹಾಕಿಕೊಂಡರೆ ಅವಧಿಯ ಲೆಕ್ಕಕ್ಕೆ ಅದು ಬರುವುದಿಲ್ಲ. ಕೊಟ್ಟವನ ಸಹಿ ಇದ್ದರೆ ಮೂರು ವರ್ಷ ಹೊಸದಾಗಿ ಶುರು, 2027ರ ಜನವರಿ 11ರ ತನಕ ಸಮಯ ಸಿಗುತ್ತದೆ. ಬ್ಯಾಂಕಿನಲ್ಲಿ 60,000 ಬಂದ ಸಾಲು ಇದೆಯಲ್ಲ ಅಂದರೆ, ಅದೊಂದೇ ಸಾಕೇ ಅಂತ ವಾದ ಏಳುತ್ತದೆ. ಒಂದು ಸಹಿಯಲ್ಲಿ ಮುಗಿಯುವ ಕೆಲಸಕ್ಕೆ ಆ ವಾದ ಯಾಕೆ?

ಇದೆಲ್ಲ ಮನೆಯವರ ಹತ್ತಿರ ಹೇಗೆ ಕೇಳುವುದು ಅನ್ನುವ ಮುಜುಗರ ನನಗೆ ಗೊತ್ತು. ದುಡ್ಡು ಹಾಕಿದ ಮೇಲೆ ಕೇಳಿದರೆ ಅನುಮಾನ ಪಟ್ಟಂತೆ ಕಾಣುತ್ತದೆ. ಮುಂಚೆಯೇ, ಹೂಂ ಅನ್ನುವಾಗಲೇ ಹೇಳಿ: “ತಮ್ಮಾ, ನಾಳೆ ಹಾಕ್ತೀನಿ. ಸ್ಟ್ಯಾಂಪು ನನ್ನ ಹತ್ರ ಐತಿ, ಬಂದು ಪ್ರೋನೋಟು ಬರ್ಕೊಟ್ಟು ಹೋಗು. ಫೋಟೋ ನೀನೂ ಇಟ್ಕೊ.” ಆ ಫೋಟೋದಿಂದ ತಮ್ಮನಿಗೂ ರಕ್ಷಣೆ. ಮುಂದೆ ಯಾರೂ ಅಂಕಿ ತಿದ್ದಲು ಬರುವುದಿಲ್ಲ.

ಸಾಲ ಪೂರ್ತಿ ತೀರಿದ ದಿನ ವೀರೇಶ ಮೂಲ ಪ್ರೋನೋಟನ್ನೇ ವಾಪಸ್ ಕೇಳಿ ಪಡೆಯಬೇಕು, “ಪೂರ್ತಿ ಸಂದಾಯವಾಗಿದೆ” ಅಂತ ಶರಣಪ್ಪನ ಸಹಿಯೊಂದಿಗೆ. ಅವಧಿ ಮುಗಿಯಲು ಬಂದರೂ ಬಾಕಿ ಉಳಿದಿದ್ದರೆ, ನಾಲ್ಕೈದು ತಿಂಗಳು ಮುಂಚೆಯೇ ಕೂತು ಲೆಕ್ಕ ಮಾಡಿ, ಬಾಕಿಗೆ ಹೊಸ ಸ್ಟ್ಯಾಂಪಿನ ಹೊಸ ಪ್ರೋನೋಟು ಬರೆಸಿಕೊಂಡು ಹಳೆಯದನ್ನು ಗೀಟು ಎಳೆದು ಕೊಟ್ಟುಬಿಡಿ. ಅವನು ಸಹಿಗೆ ಒಪ್ಪದೆ ಇವತ್ತು ನಾಳೆ ಅಂತ ತಳ್ಳುತ್ತಿದ್ದರೆ, ಆ ನಾಲ್ಕೈದು ತಿಂಗಳು ನೋಟಿಸ್ ಕಳಿಸಿ ದಾವೆ ಹಾಕಲು ಉಳಿದಿರುತ್ತವೆ.

ನಮಸ್ಕಾರ.