ಹಾಲಿನ ರೇಖೆ ಹೇಳುವ ಲೆಕ್ಕ: ಮೇವು ಹಾಕುವಾಗ, ಹಸು ಮಾರುವಾಗ

ಹೈನುಗಾರ ಬಂಧುಗಳೇ,

ಕರು ಹಾಕಿದ ದಿನದಿಂದ ಬತ್ತಿಸುವವರೆಗಿನ ಹಾಲನ್ನು ತಿಂಗಳಿಗೊಮ್ಮೆ ಅಳೆದು ಕಾಗದದ ಮೇಲೆ ಗುರುತಿಸಿದರೆ, ಆರರಿಂದ ಎಂಟು ವಾರದವರೆಗೆ ಏರಿ ಆಮೇಲೆ ನಿಧಾನವಾಗಿ ಇಳಿಯುವ ಒಂದು ಗೆರೆ ಮೂಡುತ್ತದೆ. ಸಂತೆಯಲ್ಲಿ ನಾವು ಕೇಳುವುದು ಆ ಗೆರೆಯ ತುದಿಯನ್ನು ಮಾತ್ರ. ಹಸುವಿನ ನಿಜವಾದ ಬೆಲೆ ಇರುವುದು ಇಳಿಜಾರಿನಲ್ಲಿ. ಈ ತಿಂಗಳ ಹಾಲು ಹಿಂದಿನ ತಿಂಗಳ ಹಾಲಿನ ಶೇಕಡಾ ಎಷ್ಟು ಎಂಬುದೇ ಇಳುವರಿಯ ಸ್ಥಿರತೆ.

ಎರಡು ಮಿಶ್ರತಳಿ ಹಸುಗಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಒಂದು ಮೊದಲ ತಿಂಗಳು ದಿನಕ್ಕೆ 18 ಲೀಟರ್, ಎರಡನೆಯ ತಿಂಗಳು 20 ಲೀಟರ್ ಕೊಟ್ಟು, ಅಲ್ಲಿಂದ ತಿಂಗಳಿಗೆ ಶೇಕಡಾ 12ರಂತೆ ಇಳಿಯುತ್ತದೆ. ಇನ್ನೊಂದು 15ರಿಂದ 17ಕ್ಕೆ ಏರಿ, ಶೇಕಡಾ 6ರಂತೆ ಮಾತ್ರ ಇಳಿಯುತ್ತದೆ. ಐದನೆಯ ತಿಂಗಳಲ್ಲಿ ಎರಡನೆಯದು ಮೊದಲನೆಯದನ್ನು ಹಿಂದಿಕ್ಕುತ್ತದೆ. ಹತ್ತನೆಯ ತಿಂಗಳಲ್ಲಿ ಒಂದರದು 7 ಲೀಟರ್, ಇನ್ನೊಂದರದು 10 ಲೀಟರ್ ದಾಟಿರುತ್ತದೆ. 305 ದಿನಗಳ ಒಟ್ಟು ಹಾಲು ಮೊದಲನೆಯದರಿಂದ ಸುಮಾರು 4,025 ಲೀಟರ್, ಎರಡನೆಯದರಿಂದ ಸುಮಾರು 4,150 ಲೀಟರ್. ಹೀಗಿದ್ದೂ ಹೆಚ್ಚಿನ ಬೆಲೆಗೆ ಹೋಗುವುದು 20 ಲೀಟರಿನ ಹಸುವೇ.

ಆದರೆ ಬೇಗ ಇಳಿಯುವ ಹಸುವನ್ನೆಲ್ಲ ದೂರಬಾರದು. ಹಾಲು ತುದಿ ಮುಟ್ಟಿದ ಮೇಲೂ ಹಸುವಿನ ಹೊಟ್ಟೆ ಪೂರ್ತಿ ತಿನ್ನುವ ಶಕ್ತಿಗೆ ಬರಲು ಕೆಲವು ವಾರ ಬೇಕಾಗುವುದರಿಂದ, ಆ ಅವಧಿಯಲ್ಲಿ ಅದು ಮೈಯ ಕೊಬ್ಬನ್ನು ಕರಗಿಸಿ ಹಾಲು ಕೊಡುತ್ತದೆ. ಆಗ ಹಿಂಡಿ ಕಡಿಮೆಯಾದರೆ ತುದಿಯೂ ತಗ್ಗುತ್ತದೆ, ಇಳಿಜಾರೂ ಕಡಿದಾಗುತ್ತದೆ. ಮೈ ನಿರ್ವಹಣೆಗೆ ಒಂದೂವರೆ ಕಿಲೋ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಎಂಬುದು ನಮ್ಮಲ್ಲಿ ರೂಢಿಯ ಲೆಕ್ಕ. ಹಾಲು ಏರುತ್ತಿರುವಾಗ ಈ ಲೆಕ್ಕಕ್ಕಿಂತ ಅರ್ಧ ಕಿಲೋ ಹೆಚ್ಚು ಕೊಟ್ಟು ಹತ್ತು ದಿನ ನೋಡಿ. ಹಾಲು ಏರಿದರೆ ಕೊರತೆ ಇದ್ದದ್ದು ಮೇವಿನಲ್ಲಿ. ಏರದಿದ್ದರೆ ಹೆಚ್ಚಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಇಳಿಜಾರಿನಲ್ಲಿ ಹಾಲಿಗೆ ತಕ್ಕಂತೆ ಹಿಂಡಿ ತಗ್ಗಿಸದೆ ಹೋದರೆ ಹಸು ಕೊಬ್ಬೇರುತ್ತದೆ, ಮುಂದಿನ ಹೆರಿಗೆಯಲ್ಲಿ ತೊಂದರೆ ಕೊಡುತ್ತದೆ. ನಾಲ್ಕೈದು ದಿನಗಳಲ್ಲೇ ಹಾಲು ದಿಢೀರನೆ ಕುಸಿದರೆ ಅದು ರೇಖೆಯ ಇಳಿತವಲ್ಲ. ಕೆಚ್ಚಲು ಬಾವು, ಜ್ವರ, ನೀರಿನ ಕೊರತೆಗಳನ್ನು ಮೊದಲು ನೋಡಬೇಕು.

ಇನ್ನು ಮಾರುವ ಮಾತು. ಚೊಚ್ಚಲ ಹಸುವನ್ನು ತುದಿ ನೋಡಿ ಮಾರುವುದು ನನ್ನ ಅಭಿಪ್ರಾಯದಲ್ಲಿ ದೊಡ್ಡ ತಪ್ಪು, ಏಕೆಂದರೆ ಅದರ ತುದಿ ತಗ್ಗಾಗಿದ್ದರೂ ಇಳಿಜಾರು ಸಾಮಾನ್ಯವಾಗಿ ಚಪ್ಪಟೆಯಾಗಿರುತ್ತದೆ. ಮೇಲಿನ ಲೆಕ್ಕದ ಮೊದಲ ಹಸು ಏಳನೆಯ ತಿಂಗಳಲ್ಲಿ ಹತ್ತೂವರೆ ಲೀಟರಿಗೆ ಬಂದಿರುವಾಗ ಗಬ್ಬವಾಗಿದ್ದರೆ ಇಟ್ಟುಕೊಳ್ಳಿ, ಹೆರಿಗೆಗೆ ಎರಡು ತಿಂಗಳು ಮುಂಚೆ ಬತ್ತಿಸಿ. ಮೂರು ನಾಲ್ಕು ಸಲ ಸೂಜಿ ಹಾಕಿಸಿ, ವೈದ್ಯರಿಂದ ಚಿಕಿತ್ಸೆ ಕೊಡಿಸಿದ ಮೇಲೂ ಗಬ್ಬ ನಿಲ್ಲದಿದ್ದರೆ, ಹಾಲಿನ ಹಣ ಮೇವಿನ ಖರ್ಚಿಗಿಂತ ಕೆಳಗಿಳಿಯುವ ತಿಂಗಳನ್ನು ಆ ಗೆರೆಯ ಮೇಲೆಯೇ ಗುರುತು ಮಾಡಿ, ಅದಕ್ಕೆ ಮೊದಲೇ ತೀರ್ಮಾನಿಸಿ.