ಉಪ್ಪಿನಕಾಯಿ ಬಾಟಲಿಗೆ ಯಾವ ಹೆಸರು? ಲೇಬಲ್ ಪ್ರಿಂಟ್ ಮಾಡಿಸೋ ಮುಂಚೆ ನೋಡಿ

[ದೃಶ್ಯ: ಮೇಜಿನ ಮೇಲೆ ಲೇಬಲ್ ಇಲ್ಲದ ನಾಲ್ಕು ಬಾಟಲಿ]

ನಮಸ್ಕಾರ್ರಿ. ಹುಬ್ಬಳ್ಳಿ ವಿದ್ಯಾನಗರದ ಒಬ್ಬ ಅಕ್ಕ ಮನೆಯಲ್ಲೇ ಮಾವಿನಕಾಯಿ ಉಪ್ಪಿನಕಾಯಿ, ರಂಜಕ, ಗುರೆಳ್ಳು ಚಟ್ನಿ, ಮಸಾಲೆ ಖಾರ ಮಾಡಿ ವಾಟ್ಸಾಪ್‌ನಲ್ಲಿ ಮಾರುತ್ತಾರೆ ಅಂತ ಇಟ್ಟುಕೊಳ್ಳೋಣ. ಮುಂದೆ ಸೂಪರ್‌ಮಾರ್ಕೆಟಿಗೆ ಹಾಕೋ ಆಸೆ. ಅವರ ಚೀಟಿಯಲ್ಲಿ ಮೂರು ಹೆಸರಿವೆ: ಬ್ಯಾಡಗಿ ಖಾರ, ಅನ್ನಪೂರ್ಣ, ಶುದ್ಧ ಮನೆರುಚಿ. ಕೇಳೋಕೆ ಮೂರೂ ಚೆಂದ. ಆದರೆ ಮೂರರಲ್ಲೂ ತೊಡಕಿದೆ.

ಮೊದಲು ಬ್ಯಾಡಗಿ ಖಾರ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಇದೆ. ಊರಿನ ಹೆಸರು, ಪದಾರ್ಥದ ಹೆಸರು ಎರಡನ್ನೂ ಸೇರಿಸಿ ಇದು ನನ್ನೊಬ್ಬಳದೇ ಬ್ರ್ಯಾಂಡ್ ಅಂದರೆ ಟ್ರೇಡ್‌ಮಾರ್ಕ್ ಕಚೇರಿ ಸುಲಭವಾಗಿ ಒಪ್ಪಲ್ಲ. ಪಕ್ಕದ ಮನೆಯವರೂ ನಾಳೆ ಅದೇ ಹೆಸರಲ್ಲಿ ಮಾರಬಹುದು, ತಡೆಯೋದು ಕಷ್ಟ. ಇನ್ನೊಂದು ಮಾತಿದೆ. ಮಸಾಲೆ ಖಾರಕ್ಕೆ ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಬೆರೆಸೋರು ಜಾಸ್ತಿ. ಹಾಗೆ ಬೆರೆಸಿ ಬಾಟಲಿ ಮೇಲೆ ದೊಡ್ಡದಾಗಿ ಬ್ಯಾಡಗಿ ಅಂತ ಬರೆದರೆ ಗಿರಾಕಿಗೆ ತಪ್ಪು ಹೇಳಿದಂತೆ ಆಗುತ್ತೆ. ನಿಜವಾಗಿಯೂ ಬ್ಯಾಡಗಿ ಹಾಕಿದ್ದರೆ ಪದಾರ್ಥಗಳ ಪಟ್ಟಿಯಲ್ಲಿ ಬರೆಯಿರಿ, ಬ್ರ್ಯಾಂಡ್ ಹೆಸರಲ್ಲಿ ಬೇಡ.

ಅನ್ನಪೂರ್ಣ ವಿಷಯ ಸುಲಭ. ದೇವರ ಹೆಸರು, ಅಜ್ಜಿ, ಅಮ್ಮ, ಇವೆಲ್ಲ ತಿನ್ನೋ ಸಾಮಾನಿನಲ್ಲಿ ಯಾವತ್ತೋ ತುಂಬಿ ಹೋಗಿವೆ. ಬೇರೆ ಯೋಚನೆ ಮಾಡೋಣ.

ಶುದ್ಧ ಮನೆರುಚಿ? ಜಾಹೀರಾತು ಮತ್ತು ಲೇಬಲ್ ಹೇಳಿಕೆಗಳ ಬಗ್ಗೆ ಆಹಾರ ಸುರಕ್ಷತೆ ನೋಡಿಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ 2018ರಲ್ಲಿ ನಿಯಮ ಮಾಡಿದೆ. ಶುದ್ಧ, ತಾಜಾ, ಸಾಂಪ್ರದಾಯಿಕ ಅನ್ನೋ ಅರ್ಥದ ಪದಗಳನ್ನು ಸುಮ್ನೆ ಬಳಸೋ ಹಾಗಿಲ್ಲ. ಅಂಥ ಪದ ಬ್ರ್ಯಾಂಡ್ ಹೆಸರಲ್ಲೇ ಇದ್ದು ಗಿರಾಕಿ ಮೋಸ ಹೋಗೋ ಹಾಗಿದ್ದರೆ, ಇದು ಬರೀ ಬ್ರ್ಯಾಂಡ್ ಹೆಸರು ಅಂತ ಲೇಬಲ್ ಮೇಲೆ ಬೇರೆ ಸೂಚನೆ ಹಾಕಬೇಕು. ನಿಮ್ಮ ಬಾಟಲಿಯೇ ನಿಮ್ಮ ಹೆಸರನ್ನ ನಂಬಬೇಡಿ ಅಂದ ಹಾಗೆ! ಮನೆಯಲ್ಲೇ ಮಾಡಿದ್ದು ಅನ್ನೋ ಮಾತಿಗೂ ಹುಷಾರು. ನಾಳೆ ಯಂತ್ರ ಇಟ್ಟ ಮೇಲೆ ಅದು ಸುಳ್ಳಾಗುತ್ತೆ.

[ದೃಶ್ಯ: ಲ್ಯಾಪ್‌ಟಾಪ್ ತೆರೆ, ಟ್ರೇಡ್‌ಮಾರ್ಕ್ ಹುಡುಕಾಟದ ಪುಟ]

ಹಾಗಾದರೆ ಎಂಥ ಹೆಸರು? ಪದಾರ್ಥವನ್ನು ನೇರವಾಗಿ ಹೇಳಬಾರದು, ಆದರೆ ಅಡುಗೆಮನೆಯನ್ನ ನೆನಪಿಸಬೇಕು. ಅಕ್ಕನಿಗೆ ನೆಲುವು ಹೊಳೆಯಿತು ಅನ್ನೋಣ. ಬೆಣ್ಣೆ ಗಡಿಗೆ, ಉಪ್ಪಿನಕಾಯಿ ಗಡಿಗೆ ತೂಗುಹಾಕುತ್ತಿದ್ದರಲ್ಲ, ಆ ಹಗ್ಗದ ನೆಲುವು. ಉಪ್ಪಿನಕಾಯಿಗೂ ಹೊಂದುತ್ತೆ, ನಾಳೆ ಚಟ್ನಿಪುಡಿ, ಹಪ್ಪಳ ಸೇರಿಸಿದರೂ ಹೊಂದುತ್ತೆ. ಇದು ಉದಾಹರಣೆ ಅಷ್ಟೇ, ಸಿಗುತ್ತೋ ಇಲ್ಲವೋ ಹುಡುಕಿಯೇ ತಿಳಿಯಬೇಕು.

ipindia.gov.in ನಲ್ಲಿ ಟ್ರೇಡ್‌ಮಾರ್ಕ್ ಹುಡುಕಾಟ ಉಚಿತ. ಅಲ್ಲಿ ಸಾಮಾನುಗಳನ್ನ ನಂಬರ್ ಕೊಟ್ಟು ವರ್ಗ ಮಾಡಿರುತ್ತಾರೆ, ನೀವು ಎರಡು ವರ್ಗದಲ್ಲಿ ನೋಡಿ: ಉಪ್ಪಿನಕಾಯಿ 29ರಲ್ಲಿ, ಮಸಾಲೆ ಮತ್ತು ಖಾರದಪುಡಿ 30ರಲ್ಲಿ. ಎಷ್ಟೋ ಜನ 29 ಮಾತ್ರ ನೋಡಿ ಖುಷಿಯಾಗಿ ಲೇಬಲ್ ಮಾಡಿಸುತ್ತಾರೆ. ಆಮೇಲೆ ನೋಡಿದರೆ ಖಾರದಪುಡಿಯಲ್ಲಿ ಅದೇ ಹೆಸರಿನವರು ಮೊದಲೇ ಕೂತಿರುತ್ತಾರೆ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬೇರೆ ಬೇರೆ ಥರ ಹಾಕಿ: Neluvu, Nelavu, Neluwu. ಜೊತೆಗೆ Phonetic ಆಯ್ಕೆಯಲ್ಲೂ ಹುಡುಕಿ. ಅಕ್ಷರ ಬೇರೆ ಇದ್ದರೂ ಕಿವಿಗೆ ಒಂದೇ ಥರ ಕೇಳಿದರೆ ತಕರಾರು ಬರುತ್ತೆ.

ಇದೇ ಇಂಗ್ಲಿಷ್ ಅಕ್ಷರ ಅಂಗಡಿಯಲ್ಲೂ ಮುಖ್ಯ. ಬಿಲ್ಲಿಂಗ್ ಮಾಡೋ ಹುಡುಗ ನಿಮ್ಮ ಹೆಸರನ್ನ ಹಾಗೇ ಟೈಪ್ ಮಾಡುತ್ತಾನೆ. ಬೆಳಗಾವಿ ದಾಟಿ ಕೊಲ್ಲಾಪುರಕ್ಕೆ ಹೋದರೆ ಕನ್ನಡ ಓದಲು ಬಾರದವರೇ ಜಾಸ್ತಿ. ನಾಲ್ಕು ಜನಕ್ಕೆ ಫೋನಲ್ಲಿ ಹೆಸರು ಹೇಳಿ, ಬರೆಯಲು ಹೇಳಿ. ನಾಲ್ಕೂ ಬೇರೆ ಬಂದರೆ ಒಂದನ್ನ ಗಟ್ಟಿ ಮಾಡಿಕೊಂಡು ಎಲ್ಲ ಕಡೆ ಅದನ್ನೇ ಬಳಸಿ.

ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ದಿಮೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ. ಎರಡೂ ಬೇಕಾದರೆ 9,000. ದುಡ್ಡು ಕಡಿಮೆ ಇದ್ದರೆ ಚಿತ್ರ, ಬಣ್ಣ ಏನೂ ಇಲ್ಲದ ಬರೀ ಪದಕ್ಕೆ ಮೊದಲು ಹಾಕಿ, ಲೋಗೋ ಆಮೇಲೆ ಬದಲಾಗುತ್ತಲೇ ಇರುತ್ತೆ. ಅರ್ಜಿ ಹಾಕಿದ ಮೇಲೆ ™ ಬಳಸಬಹುದು. ® ಮಾತ್ರ ನೋಂದಣಿ ಆದ ಮೇಲೆ. ಅದಕ್ಕೂ ಮುಂಚೆ ಹಾಕಿದರೆ ಅಪರಾಧ.

[ತೆರೆಯ ಮೇಲೆ: Objected]

ಅರ್ಜಿ ಸ್ಥಿತಿಯಲ್ಲಿ ಈ ಪದ ಕಂಡರೆ ಗಾಬರಿ ಬೇಡ, ಅದು ತಿರಸ್ಕಾರ ಅಲ್ಲ. ಆಕ್ಷೇಪ ಏನು ಅಂತ ಟ್ರೇಡ್‌ಮಾರ್ಕ್ ಕಚೇರಿ ಕಳಿಸೋ ಪರೀಕ್ಷಾ ವರದಿ ಕೈಸೇರಿದ 30 ದಿನದೊಳಗೆ ಉತ್ತರ ಕೊಡಬೇಕು. ಒಪ್ಪಿದರೆ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗುತ್ತೆ, ಆಮೇಲೆ 4 ತಿಂಗಳು ಬೇರೆಯವರು ತಕರಾರು ಎತ್ತಬಹುದು. ಅಲ್ಲಿಯವರೆಗೆ ಲೇಬಲ್‌ಗಳನ್ನು ಸಾವಿರಗಟ್ಟಲೆ ಮಾಡಿಸಬೇಡಿ, ತಿಂಗಳಿಗೆ ಬೇಕಾದಷ್ಟೇ ಸಾಕು.