ಮಂಜಿನ ಚಿತ್ರ ಆಮೇಲೆ, ಮೊದಲು ಉಪಯೋಗ ಹೇಳಿ

ಕೇಳುಗರಿಗೆಲ್ಲ ನಮಸ್ಕಾರ. ನಾನು ಮಡಿಕೇರಿಯಲ್ಲಿ 20 ವರ್ಷದಿಂದ ಬ್ರೋಷರ್, ಕ್ಯಾಟಲಾಗ್, ಬೆಲೆಪಟ್ಟಿ ಮಾಡಿಕೊಡುವ ಕೆಲಸ ಮಾಡುತ್ತಿದ್ದೇನೆ. ಕಾಫಿ, ಕಾಳುಮೆಣಸು, ಏಲಕ್ಕಿ, ಜೇನು, ಹೋಂಸ್ಟೇ, ಎಲ್ಲದಕ್ಕೂ. ಇವತ್ತು ಮಾತಾಡುವುದು ಕವರ್ ಬಗ್ಗೆ, ಅಂದರೆ ಮೊದಲ ಪುಟದ ಬಗ್ಗೆ ಮಾತ್ರ. ಅದೂ ಅಂಗಡಿಗೆ ಬಂದು ಕಾಲು ಕೆಜಿ ಪುಡಿ ಒಯ್ಯುವವರಿಗೆ ತೋರಿಸುವ ಕವರ್ ಅಲ್ಲ. ಬೆಂಗಳೂರಲ್ಲೋ ಚೆನ್ನೈಯಲ್ಲೋ ಕಾಫಿ ಹುರಿಯುವ ಕಂಪನಿಗೆ, ಹೋಟೆಲ್‌ಗೆ, ಮಸಾಲೆ ಪ್ಯಾಕ್ ಮಾಡುವವರಿಗೆ ನೀವು ಕಳಿಸುವ ಕವರ್. ವ್ಯಾಪಾರದವರು ವ್ಯಾಪಾರದವರಿಗೇ ಮಾರುವಾಗ ಕಳಿಸುವುದು.

ಕವರ್ ಎರಡು ಥರ ಇರುತ್ತದೆ. ಒಂದು ಕುತೂಹಲ ಹುಟ್ಟಿಸುವುದು, ಅಂದರೆ ಏನೂ ಪೂರ್ತಿ ಹೇಳದೆ ಒಳಗೇನಿದೆ ನೋಡೋಣ ಅನ್ನಿಸುವಂತೆ ಮಾಡುವುದು. ಇನ್ನೊಂದು ಮೊದಲ ಸಾಲಿನಲ್ಲೇ ನಿಮಗೆ ಇದರಿಂದ ಇಂಥ ಉಪಯೋಗ ಅಂತ ನೇರ ಹೇಳುವುದು. ನನ್ನನ್ನು ಕೇಳಿದರೆ, ಪರಿಚಯ ಇಲ್ಲದ ಖರೀದಿದಾರರಿಗೆ ಎರಡನೆಯದೇ. ಇದನ್ನು ಇವತ್ತು ಮೂರು ನಾಲ್ಕು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಯಾಕೆ ಅಂತ ಒಂದು ಕಥೆಯಿಂದಲೇ ಹೇಳುತ್ತೇನೆ. ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಸುಂಟಿಕೊಪ್ಪ ಕಡೆಯ ಬೆಳೆಗಾರರೊಬ್ಬರು ನನ್ನ ಹತ್ತಿರ ಬಂದರು. ನಾನು ಅವರನ್ನು ಅಣ್ಣ ಅಂತಲೇ ಕರೆಯುವುದು. ಅವರೂ ಅಕ್ಕಪಕ್ಕದ ಮೂರು ತೋಟದವರೂ ಸೇರಿ ಆ ವರ್ಷ ರೋಬಸ್ಟಾ ಕಾಫಿಯನ್ನು ಸಿಪ್ಪೆ ಸಮೇತ ಒಣಗಿಸಿ ಚೆರಿ ಮಾಡಿ ಮಾರದೆ, ಹಣ್ಣು ಮಾತ್ರ ಆರಿಸಿ ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿ ಪಾರ್ಚ್‌ಮೆಂಟ್ ಮಾಡಿದ್ದರು. ಕಣದಲ್ಲಿ ದಿನಕ್ಕೆ ಎಷ್ಟೋ ಸಲ ತಿರುವಿ ಒಣಗಿಸಿ, ಕ್ಯೂರಿಂಗ್ ಮಾಡಿಸಿ, ಜರಡಿ ಹಿಡಿಸಿ ಇಟ್ಟಿದ್ದರು. ಮಾಲು ನಿಜವಾಗಿಯೂ ಚೆನ್ನಾಗಿತ್ತು. ನೇರವಾಗಿ ಹುರಿಯುವ ಕಂಪನಿಗಳಿಗೇ ಮಾರಬೇಕು ಅಂತ ಆಸೆ. 60 ಕಂಪನಿಗಳ ನಂಬರ್, ಇಮೇಲ್ ಎಲ್ಲ ಒಟ್ಟು ಮಾಡಿದ್ದರು. ನಾನು ಎಂಟು ಪುಟದ ಪಿಡಿಎಫ್ ಮಾಡಿಕೊಟ್ಟೆ.

ಕವರ್ ನನಗೆ ತುಂಬಾ ಇಷ್ಟವಾಗಿತ್ತು. ಬೆಳಗಿನ ಮಂಜು, ಮಂಜಿನೊಳಗೆ ಮಸುಕಾಗಿ ನಿಂತ ಸಿಲ್ವರ್ ಓಕ್ ಮರಗಳು, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದೇ ಸಾಲು: ಮಂಜು ಬಚ್ಚಿಟ್ಟ ಗುಟ್ಟು. ಕಾಫಿ ಅನ್ನುವ ಪದವೇ ಇರಲಿಲ್ಲ. ಬೇಕಂತಲೇ ಬಿಟ್ಟಿದ್ದೆ. ನೋಡಿದವರಿಗೆ ಏನಪ್ಪಾ ಇದು ಅನ್ನಿಸಬೇಕು, ಒಳಗೆ ಹೋಗಬೇಕು ಅಂತ.

60 ಜನಕ್ಕೂ ಕಳಿಸಿದರು. ಮೂರು ವಾರ ಕಾದರು. ಒಬ್ಬರು ಮಾತ್ರ ಉತ್ತರ ಕೊಟ್ಟರು, ಅವರು ಕೇಳಿದ್ದು ರೂಮ್ ಬಾಡಿಗೆ ಎಷ್ಟು ಅಂತ! ಹೋಂಸ್ಟೇ ಜಾಹೀರಾತು ಅಂದುಕೊಂಡಿದ್ದರು.

ಅಣ್ಣ ಬೈಯಲಿಲ್ಲ, ಆದರೆ ಅವರ ಮುಖ ನೋಡಿ ನನಗೇ ಸಂಕಟವಾಯಿತು. ಗೋಡೌನ್‌ನಲ್ಲಿ ಮಾಲು ಕೂತಿದೆ, ಮಳೆಗಾಲ ಹತ್ತಿರ ಬರುತ್ತಿದೆ. ಜೂನ್ ಬಂದರೆ ನಮ್ಮ ಊರಿನ ಗಾಳಿಯಲ್ಲೇ ಬೀಜ ತೇವ ಹಿಡಿಯುತ್ತದೆ, ಬಣ್ಣ ಕೆಡುತ್ತದೆ, ನಿಮಗೆಲ್ಲ ಗೊತ್ತಿರುವುದೇ. ಪಟ್ಟಿಯಲ್ಲಿದ್ದ ಒಂದು ಕಂಪನಿಯ ಖರೀದಿ ನೋಡಿಕೊಳ್ಳುವವರಿಗೆ ನಾನೇ ಫೋನ್ ಮಾಡಿದೆ. ಮೇಡಂ, ಈ ಪಿಡಿಎಫ್ ಯಾಕೆ ತೆರೆಯಲಿಲ್ಲ, ಮುಲಾಜಿಲ್ಲದೆ ಹೇಳಿ ಅಂತ ಕೇಳಿದೆ. ಅವರು ಹೇಳಿದ್ದನ್ನು ನಾನು ಬರೆದಿಟ್ಟುಕೊಂಡೆ.

"ಸರ್, ನಾನು ಬೆಳಿಗ್ಗೆ ಮೊಬೈಲ್ ನೋಡುವಾಗ ಇಂಥವು ಹತ್ತು ಬಂದಿರುತ್ತವೆ. ನನಗೆ ಬೇಕಾದ ಮಾಲು ಇದರಲ್ಲಿ ಇದೆಯಾ, ಇಲ್ವಾ, ಅಷ್ಟೇ ನೋಡುವುದು. ಇದೆ ಅನ್ನಿಸಿದರೆ ನಮ್ಮ ಹುರಿಯುವವರಿಗೆ ಕಳಿಸುತ್ತೇನೆ, ಅವರು ಸರಿ ಅಂದರೆ ಮಾಲೀಕರಿಗೆ. ಮಂಜಿನ ಫೋಟೋ ಕಳಿಸಿ ಏನಂತ ಹೇಳಲಿ?"

ಇದರಲ್ಲಿ ಎರಡು ವಿಷಯ ಇದೆ. ಮೊದಲನೆಯದು, ನಿಮ್ಮ ಕವರ್ ನೋಡುವವರು ಒಬ್ಬರಲ್ಲ. ಅದು ಕೈಯಿಂದ ಕೈಗೆ ಹೋಗುತ್ತದೆ. ಮೂರನೆಯ ಕೈಗೆ ಹೋದಾಗ ಅದರ ಜೊತೆ ನಿಮ್ಮ ಮಾತೂ ಇರುವುದಿಲ್ಲ, ನಿಮ್ಮ ಮೆಸೇಜೂ ಇರುವುದಿಲ್ಲ. ಕವರ್ ಒಂದೇ ನಿಂತು ನಿಮ್ಮ ಪರವಾಗಿ ಮಾತಾಡಬೇಕು. ಗುಟ್ಟು ಇಟ್ಟುಕೊಂಡ ಕವರ್ ಅಲ್ಲಿ ಬಾಯಿಯೇ ಬಿಡುವುದಿಲ್ಲ.

ಎರಡನೆಯದು ಇನ್ನೂ ಮುಖ್ಯ. ಕುತೂಹಲ ಎಲ್ಲಿಂದ ಹುಟ್ಟುತ್ತದೆ? ಜಾರ್ಜ್ ಲೋವೆನ್‌ಸ್ಟೈನ್ ಅನ್ನುವ ವಿದ್ವಾಂಸರು 1994ರಲ್ಲಿ ಇದರ ಬಗ್ಗೆ ಬರೆದರು. ಅವರ ಮಾತಿನ ಸಾರ ಇಷ್ಟು: ನಮಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕು ಅನ್ನುವುದಕ್ಕೂ ನಡುವೆ ಒಂದು ಸಂದು ಕಂಡಾಗ ಕುತೂಹಲ ಹುಟ್ಟುತ್ತದೆ. ಅಂದರೆ ಅರ್ಧ ಮೊದಲೇ ಗೊತ್ತಿರಬೇಕು. ನಿಮ್ಮ ತೋಟ ಗೊತ್ತಿಲ್ಲ, ನಿಮ್ಮ ಹೆಸರು ಗೊತ್ತಿಲ್ಲ, ಮಾರುತ್ತಿರುವುದು ಏನು ಅಂತಲೂ ಗೊತ್ತಿಲ್ಲ ಅಂದರೆ ಸಂದು ಎಲ್ಲಿಂದ ಬರಬೇಕು? ನನ್ನ ಮಂಜಿನ ಕವರ್ ಸೋತಿದ್ದು ಅಲ್ಲೇ. ಸುಂಟಿಕೊಪ್ಪದವರಿಗೆ ಅದು ಕುತೂಹಲ, ಚೆನ್ನೈಯವರಿಗೆ ಸುಮ್ನೆ ಒಂದು ಫೋಟೋ.

ಸರಿ, ಹೊಸ ಕವರ್ ಮಾಡಲು ಕೂತೆವು. ಅಣ್ಣ ಮೊದಲು ಬರೆದುಕೊಟ್ಟ ಸಾಲು: ಕೊಡಗಿನ ಅತ್ಯುತ್ತಮ ಗುಣಮಟ್ಟದ ಕಾಫಿ. ನಾನು ಬೇಡ ಅಂದೆ. ಪಕ್ಕದ ತೋಟದ ಹೆಸರು ಹಾಕಿದರೂ ಆ ಸಾಲು ಹಾಗೇ ಹೊಂದುತ್ತದೆ ಅಲ್ವಾ? ಹೊಂದಿದರೆ ಅದು ಉಪಯೋಗವಲ್ಲ, ಹೊಗಳಿಕೆ. ಎರಡನೆಯ ಸಲ ಅವರು ತೇವಾಂಶ 10ರಿಂದ 11 ಶೇಕಡಾ, 6.7 ಮಿಲಿಮೀಟರ್ ಜರಡಿಯ ಮೇಲೆ ನಿಂತ ಬೀಜ ಅಂತ ಬರೆದರು. ಇದು ಎಷ್ಟೋ ಮೇಲು. ಆದರೆ ಇದು ಮಾಲಿನ ಗುಣ, ಕೊಳ್ಳುವವರಿಗೆ ಆಗುವ ಉಪಯೋಗ ಇನ್ನೂ ಬಂದಿಲ್ಲ. ಅಣ್ಣಾ, ಬೀಜ ಒಂದೇ ಗಾತ್ರ ಇದ್ದರೆ, ಒಂದೇ ತೇವ ಇದ್ದರೆ ಹುರಿಯುವವರಿಗೆ ಏನಾಗುತ್ತದೆ ಅಂತ ಕೇಳಿದೆ. ಅವರು ತಟ್ಟನೆ ಹೇಳಿದರು: ಸಣ್ಣದು ಸೀದು, ದೊಡ್ಡದು ಹಸಿ ಉಳಿಯುವ ರಗಳೆ ಇರುವುದಿಲ್ಲ, ಎಲ್ಲ ಒಂದೇ ಬಣ್ಣ ಬರುತ್ತದೆ.

ಬಂತಲ್ಲ! ಅದೇ ಕವರ್. ಇಂಗ್ಲಿಷ್‌ನಲ್ಲಿ ಹಾಕಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ: ಪ್ರತಿ ಬ್ಯಾಚೂ ಒಂದೇ ಬಣ್ಣಕ್ಕೆ ಹುರಿಯುವ ರೋಬಸ್ಟಾ ಪಾರ್ಚ್‌ಮೆಂಟ್. ಅದರ ಕೆಳಗೆ ಗಾತ್ರ, ತೇವಾಂಶ. ಅದರ ಕೆಳಗೆ, ಮೊದಲು ಒಂದು ಕೆಜಿ ಹುರಿದು ನೋಡಿ, ಆಮೇಲೆ ಮಾತಾಡೋಣ. ಉಪಯೋಗ ಮೊದಲು, ಅದು ನಿಜ ಅನ್ನುವುದಕ್ಕೆ ಅಂಕಿ ಆಮೇಲೆ, ಪರೀಕ್ಷೆ ಮಾಡುವ ದಾರಿ ಕೊನೆಗೆ. ಮಂಜಿನ ಫೋಟೋ ತೆಗೆದು ಎರಡನೆಯ ಪುಟಕ್ಕೆ ಹಾಕಿದೆ, ಅಲ್ಲಿ ಅದು ಚೆನ್ನಾಗಿ ಕೂತಿತು. ಕವರ್ ಮೇಲೆ ಒಂದು ತಟ್ಟೆಯಲ್ಲಿ ಹುರಿದ ಬೀಜ, ಹತ್ತಿರದಿಂದ ತೆಗೆದದ್ದು, ಬಣ್ಣ ಒಂದೇ ಇದೆ ಅಂತ ಕಣ್ಣಿಗೇ ಕಾಣುವಂತೆ.

ಅದೇ 60 ಜನಕ್ಕೆ ಮತ್ತೆ ಕಳಿಸಿದೆವು. ಒಳಗಿನ ಪುಟಗಳಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ. ಎರಡು ವಾರದಲ್ಲಿ ಒಂಬತ್ತು ಕಂಪನಿಗಳು ಸ್ಯಾಂಪಲ್ ಕೇಳಿದವು. ನಾನು ಫೋನ್ ಮಾಡಿದ್ದ ಆ ಮೇಡಂ ಕೂಡ. ಮಳೆ ಹಿಡಿಯುವ ಮೊದಲು ಮಾಲೆಲ್ಲ ಹೋಯಿತು.

ಹಾಗಾದರೆ ಕುತೂಹಲದ ಕವರ್ ಯಾವತ್ತೂ ಬೇಡವಾ? ಬೇಕು. ನಿಮ್ಮಿಂದ ಮೂರು ವರ್ಷದಿಂದ ಮಾಲು ತಗೊಳ್ಳುತ್ತಿರುವವರಿಗೆ ಕಳಿಸಿ. ಅವರಿಗೆ ಅರ್ಧ ಗೊತ್ತು. ಈ ಸಲ ಒಂದು ಕಣದ ಕಾಫಿಯನ್ನು ಮಾತ್ರ ಬೇರೆ ಇಟ್ಟಿದ್ದೇವೆ, ಯಾಕೆ ಗೊತ್ತಾ ಅಂತ ಕವರ್ ಮೇಲೆ ಕೇಳಿದರೆ ಖಂಡಿತ ತೆರೆಯುತ್ತಾರೆ. ಪರಿಚಯ ಇಲ್ಲದವರಿಗೂ ಕುತೂಹಲ ಬಳಸಲೇಬೇಕು ಅಂದರೆ ಅವರ ಕಷ್ಟದ ಬಗ್ಗೆ ಕೇಳಿ, ನಿಮ್ಮ ಗುಟ್ಟಿನ ಬಗ್ಗೆ ಅಲ್ಲ. ಒಂದೇ ಉರಿ, ಒಂದೇ ಸಮಯ, ಆದರೂ ಬ್ಯಾಚ್‌ಗೊಂದು ಬಣ್ಣ ಯಾಕೆ? ಇದು ಹುರಿಯುವವರಿಗೆ ತಟ್ಟುತ್ತದೆ, ಯಾಕೆಂದರೆ ಅರ್ಧ ಅವರ ಮನೆಯಲ್ಲೇ ಇದೆ. ಆದರೂ ಅಪರಿಚಿತರಿಗೆ ಉಪಯೋಗ ಮೊದಲು. ಎರಡನೆಯ ಸಲ ಹೇಳಿದೆನಾ, ಮೂರನೆಯ ಸಲವಾ, ಇರಲಿ.

ಹೋಂಸ್ಟೇಯವರೇ, ನಿಮಗೂ ಇದೇ. ರಜೆಗೆ ಬರುವ ಮನೆಮಂದಿಗೆ ಕಳಿಸುವಾಗ ಕಾಡು ಕರೆಯುತ್ತಿದೆ ಅನ್ನಿ, ಪರವಾಗಿಲ್ಲ. ಕಂಪನಿಗೆ ಕಳಿಸುವಾಗ 30 ಜನರ ತಂಡಕ್ಕೆ ಊಟ, ವಸತಿ, ಮೀಟಿಂಗ್ ಹಾಲ್, ಎಲ್ಲ ಸೇರಿ ಒಂದೇ ಜಿಎಸ್‌ಟಿ ಬಿಲ್ ಅನ್ನಿ. ಆ ಬಿಲ್ಲಿಗಾಗಿ ಅಲೆಯುವ ಕಷ್ಟ ಅವರಿಗೇ ಗೊತ್ತು.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು, ಕಥೆಯೇ ಎಲ್ಲ ತಿಂದಿತು. ಉಳಿದದ್ದು ಬೇಗ ಹೇಳಿಬಿಡುತ್ತೇನೆ.

ಯಾವ ಕವರ್ ಒಳ್ಳೆಯದು ಅಂತ ನಿಮಗೇ ಅನುಮಾನ ಇದ್ದರೆ ಎರಡೂ ಮಾಡಿ. ಪಟ್ಟಿಯಲ್ಲಿ ಒಬ್ಬರಿಗೆ ಇದು, ಮುಂದಿನವರಿಗೆ ಅದು ಅಂತ ಕಳಿಸಿ, ಬೆಂಗಳೂರಿಗೆ ಒಂದು, ಚೆನ್ನೈಗೆ ಒಂದು ಅಂತ ಮಾಡಬೇಡಿ, ಆಗ ಗೆದ್ದಿದ್ದು ಕವರೋ ಊರೋ ಗೊತ್ತಾಗುವುದಿಲ್ಲ. ನೀಲಿ ಟಿಕ್ ಎಣಿಸಬೇಡಿ, ಸ್ಯಾಂಪಲ್ ಕೇಳಿದವರನ್ನು ಎಣಿಸಿ. ಮೂವತ್ತು ಮೂವತ್ತು ಜನರಲ್ಲಿ ಈ ಕಡೆ ಮೂರು, ಆ ಕಡೆ ನಾಲ್ಕು ಬಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಒಂದು ಮತ್ತು ಎಂಟು ಬಂದರೆ ನಂಬಬಹುದು.

ಇನ್ನು ಅಕ್ಷರದ ಗಾತ್ರ. ಎ4 ಹಾಳೆ 21 ಸೆಂಟಿಮೀಟರ್ ಅಗಲ, ಮೊಬೈಲ್ ಪರದೆ ಸುಮಾರು 7. ಅಂದರೆ ಎಲ್ಲವೂ ಮೂರರಲ್ಲಿ ಒಂದು ಪಾಲು ಆಗುತ್ತದೆ. ನೀವು 24 ಪಾಯಿಂಟ್‌ನಲ್ಲಿ ಹಾಕಿದ ಸಾಲು ಅಲ್ಲಿ 8 ಆಗಿ ಕಾಣುತ್ತದೆ. ಮುಖ್ಯ ಸಾಲು 40ಕ್ಕಿಂತ ಕಡಿಮೆ ಬೇಡ. ವಾಟ್ಸ್ಆ್ಯಪ್‌ನಲ್ಲಿ ಪಿಡಿಎಫ್ ಕಳಿಸಿದಾಗ ಮೊದಲ ಪುಟದ ಮೇಲಿನ ಭಾಗ ಮಾತ್ರ ಕಾಣುತ್ತದೆ, ಹಾಗಾಗಿ ಆ ಸಾಲು ಪುಟದ ತಲೆಯಲ್ಲೇ ಇರಲಿ. ನನ್ನ ಮಂಜಿನ ಕವರ್‌ನಲ್ಲಿ ಸಾಲು ಕೆಳಗಿತ್ತು, ಅವರಿಗೆ ಕಂಡಿದ್ದು ಬರೀ ಬಿಳಿ.

ಮತ್ತೆ, ವಾಟ್ಸ್ಆ್ಯಪ್‌ನಲ್ಲಿ ಕಾಣುವ ಆ ಚಿತ್ರದ ಕೆಳಗೇ ಫೈಲ್ ಹೆಸರು ಬರುತ್ತದೆ. ದಯವಿಟ್ಟು `final_new_2.pdf` ಅಂತ ಕಳಿಸಬೇಡಿ. `Robusta-Parchment-Even-Roast-Suntikoppa.pdf` ಅಂತ ಕಳಿಸಿ, ಆರು ತಿಂಗಳಾದ ಮೇಲೆ ಅವರು ಮೊಬೈಲ್‌ನಲ್ಲಿ ರೋಬಸ್ಟಾ ಅಂತ ಹುಡುಕಿದಾಗ ನಿಮ್ಮದು ಸಿಗುತ್ತದೆ. ನಮಸ್ಕಾರ.